ಶುಕ್ರವಾರದ ಗಡುವು, ಸೋಮವಾರದ ಮೇಲ್

ಪಂಪ್‌ಸೆಟ್ ಕಂಪನಿಯೊಂದರ ಬಳಕೆದಾರರ ಕೈಪಿಡಿ, 18,000 ಪದ, ಕನ್ನಡಕ್ಕೆ ಬರಬೇಕು. ದಿನಕ್ಕೆ 1,500 ಪದ ಮುಗಿಯುತ್ತದೆಂದು ಲೆಕ್ಕ ಹಾಕಿದ ಅನುವಾದಕಿ 20ನೇ ತಾರೀಖು ಶುಕ್ರವಾರಕ್ಕೆ ಒಪ್ಪಿಕೊಂಡಿದ್ದಾರೆ. 16ರ ಸೋಮವಾರ ಸಂಜೆ ನೋಡಿದರೆ, ಹತ್ತು ದಿನದ ದುಡಿಮೆಗೆ ಆಗಿರುವುದು 11,000 ಪದ. ಇನ್ನೂ 7,000 ಬಾಕಿ.

ಇಂಥ ಹೊತ್ತಲ್ಲಿ ಬಹುತೇಕರು ಎರಡರಲ್ಲಿ ಒಂದು ಮಾಡುತ್ತಾರೆ. ಗುರುವಾರ ರಾತ್ರಿಯವರೆಗೆ ಸುಮ್ಮನಿರುತ್ತಾರೆ. ಇಲ್ಲವೇ "ಇನ್ನೆರಡು ದಿನ ಕೊಡಿ ಸರ್" ಎಂದುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಆ ಎರಡು ದಿನ ಎಲ್ಲಿಂದ ಬಂತೆಂದು ಕೇಳಿದವರಿಗೂ ಗೊತ್ತಿರುವುದಿಲ್ಲ.

ಮನುಷ್ಯರ ಅಂದಾಜು ಎಷ್ಟು ಆಶಾವಾದಿ ಎಂಬುದನ್ನು 1994ರಲ್ಲಿ ಪ್ರಕಟವಾದ ಮನೋವಿಜ್ಞಾನದ ಅಧ್ಯಯನವೊಂದು ತೋರಿಸಿತ್ತು. ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದ ವಿದ್ಯಾರ್ಥಿಗಳು ನಿಜಕ್ಕೂ ತೆಗೆದುಕೊಂಡದ್ದು 55 ದಿನ. ಹಾಗಾಗಿ ಹೊಸ ತಾರೀಖನ್ನು ಹಳೆಯ ಆಸೆಯ ಮೇಲೆ ನಿಲ್ಲಿಸದೆ ಕಂಡ ವೇಗದ ಮೇಲೆ ನಿಲ್ಲಿಸಬೇಕು. ಅನುವಾದಕಿಯ ನಿಜವಾದ ವೇಗ ದಿನಕ್ಕೆ 1,100 ಪದ. 7,000ಕ್ಕೆ ಏಳು ಕೆಲಸದ ದಿನ, ಅಂದರೆ ಶನಿವಾರ, ಭಾನುವಾರ ಕಳೆದು 25ರ ಬುಧವಾರ. ಕರಡು ತಿದ್ದಲು ಗುರುವಾರ. 27ರ ಶುಕ್ರವಾರ ಒಪ್ಪಿಸಬಹುದು. 1,500ರ ಹಳೇ ಲೆಕ್ಕವನ್ನೇ ಹಿಡಿದಿದ್ದರೆ 23ರ ಸೋಮವಾರ ಎಂದು ಬರೆದು, ಅದನ್ನೂ ತಪ್ಪಿಸಿ, ಎರಡನೇ ಸಲ ಕೈಚಾಚಬೇಕಾಗುತ್ತಿತ್ತು.

ಅದೇ ಸಂಜೆ ಹೋಗಬೇಕಾದ ಮೇಲ್ ಹೀಗಿದ್ದರೆ ಸಾಕು:

"ಸರ್, 20ಕ್ಕೆ ಕೊಡಬೇಕಿದ್ದ ಕೈಪಿಡಿ 27ರ ಶುಕ್ರವಾರ ಬೆಳಿಗ್ಗೆ 11ಕ್ಕೆ ನಿಮ್ಮ ಕೈಸೇರುತ್ತದೆ. ವೈರಿಂಗ್ ಅಧ್ಯಾಯದ ಪ್ರತಿ ಪದವನ್ನೂ ಚಿತ್ರದೊಂದಿಗೆ ಹೋಲಿಸಿ ನೋಡಬೇಕಾದ್ದರಿಂದ ಕೆಲಸ ನನ್ನ ಅಂದಾಜಿಗಿಂತ ನಿಧಾನವಾಗಿದೆ. ಮುಗಿದಿರುವ ಮೊದಲ ನಾಲ್ಕು ಅಧ್ಯಾಯ ನಾಳೆಯೇ ಕಳಿಸುತ್ತೇನೆ, ಡಿಟಿಪಿ ಶುರುಮಾಡಬಹುದು. ಪ್ರೆಸ್ಸಿನವರಿಗೆ 27 ತಡವಾಗುತ್ತದೆಯೇ? ಒಪ್ಪಿಗೆಯಿದ್ದರೆ ದಯವಿಟ್ಟು ಮೇಲ್‌ನಲ್ಲೇ ತಿಳಿಸಿ."

ಇದರಲ್ಲಿ ಜ್ವರವಿಲ್ಲ, ಊರಿನ ಮದುವೆಯಿಲ್ಲ. ಕಾರಣ ಒಂದೇ, ಅದೂ ಕೆಲಸದೊಳಗಿನದು. ಗ್ರಾಹಕರು ಬೇಕಾದರೆ ಪುಟ ತೆರೆದು ಪರೀಕ್ಷಿಸಬಹುದು. ಪ್ರೆಸ್ಸಿನ ಪ್ರಶ್ನೆಯೂ ಬರೀ ಉಪಚಾರವಲ್ಲ. ಮುದ್ರಣದ ಸರದಿ 24ಕ್ಕೆ ನಿಗದಿಯಾಗಿದ್ದರೆ 27 ನಡೆಯುವುದಿಲ್ಲ. ಆಗ ವೈರಿಂಗ್ ಅಧ್ಯಾಯವನ್ನು ಮತ್ತೊಬ್ಬರಿಗೆ ಹಂಚುವ ಮಾತು ಸೋಮವಾರವೇ ಆಗಬೇಕು. ಗುರುವಾರ ರಾತ್ರಿ ಆ ದಾರಿಯೂ ಮುಚ್ಚಿರುತ್ತದೆ.

ಉತ್ತರ ಮೇಲ್‌ನಲ್ಲೇ ಬರಲಿ ಎನ್ನುವುದಕ್ಕೆ ಕಾನೂನಿನ ಕಾರಣವಿದೆ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಂ ಪ್ರಕಾರ, ಕೆಲಸ ಪಡೆಯಬೇಕಾದವರು ಅವಧಿ ವಿಸ್ತರಿಸಬಹುದು. ಆದರೆ ಫೋನಿನಲ್ಲಿ ಅಂದ "ಆಯ್ತು ಬಿಡಿ" ಬಿಲ್ ಪಾಸಾಗುವಾಗ ಅಕೌಂಟ್ಸ್ ವಿಭಾಗದ ಕಣ್ಣಿಗೆ ಬೀಳುವುದಿಲ್ಲ. ವರ್ಕ್ ಆರ್ಡರ್‌ನಲ್ಲಿ ತಡವಾದ ದಿನಕ್ಕಿಷ್ಟು ದಂಡ ಎಂಬ ಷರತ್ತಿದ್ದರೆ, ಆ ದಿನಗಳನ್ನು 20ರ ಬದಲು 27ರಿಂದ ಎಣಿಸುತ್ತೇವೆಂಬ ಒಂದು ಸಾಲನ್ನೂ ಆ ಉತ್ತರದಲ್ಲೇ ಕೇಳಿ ಪಡೆಯಬೇಕು.