ಬುಧವಾರ, ಬೆಳಿಗ್ಗೆ 8 ಗಂಟೆ, ಕಾಫಿ ಬೇಡ

ಹಾಸನದ ಆಸ್ಪತ್ರೆಯೊಂದರ ಗೇಟಿನ ಬಳಿಯೇ ಒಬ್ಬ ಅಜ್ಜಿ ಎದುರಾದರು. ಡಾಕ್ಟರಿಗೆ ತೋರಿಸಿಕೊಂಡು ಅರಕಲಗೂಡಿನ ಬಸ್ಸಿಗೆ ಹೊರಟವರು, ಓಪಿಡಿ ಚೀಟಿಯನ್ನು ನನ್ನ ಮುಂದೆ ಹಿಡಿದರು. ‘ಎರಡು ಟೈಮ್ ಬರ್ದವ್ರೆ, ಯಾವ್ದಕ್ಕೆ ಬರ್ಬೇಕಪ್ಪ?’ ಚೀಟಿಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ರಿವ್ಯೂ, ಪಕ್ಕದಲ್ಲಿ 12-3, ಆಮೇಲೆ 10-1, ಕೊನೆಗೆ ಎಫ್‌ಬಿಎಸ್. ಬರೆದವರು ಡಾಕ್ಟರೋ ನರ್ಸೋ ತಿಳಿಯಲಿಲ್ಲ. 12-3 ಎಂದರೆ ಮಾರ್ಚ್ 12. 10-1 ಎಂದರೆ ಹತ್ತರಿಂದ ಒಂದು ಗಂಟೆಯೊಳಗೆ. ಅಜ್ಜಿಗೆ ಎರಡೂ ಗಂಟೆಗಳೇ. ಅವರ ಓದಿನಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಒಳಗೆ ಚೀಟಿ ಮಾಡಿಸುವ ಸಾಲು. ಅದನ್ನು ದಾಟಿದರೆ ಬಿಪಿ-ಶುಗರ್ ನೋಡುವ ಕೋಣೆ. ಬಾಗಿಲ ಫಲಕದಲ್ಲಿ ‘ಅಸಾಂಕ್ರಾಮಿಕ ರೋಗಗಳ ವಿಭಾಗ’ ಎಂದಿದೆ, ಕೇಳಿಕೊಂಡು ಬರುವವರೆಲ್ಲ ‘ಶುಗರ್ ರೂಮ್ ಎಲ್ಲಿ?’ ಎನ್ನುತ್ತಾರೆ.

ಲ್ಯಾಬಿನ ಕಿಟಕಿಯ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಎಫ್‌ಬಿಎಸ್ ಎಂದರೆ ಎಂಟು-ಹತ್ತು ಗಂಟೆ ಏನನ್ನೂ ತಿನ್ನದೆ ಕೊಡುವ ರಕ್ತ. ನೀರು ಕುಡಿದರೆ ತೊಂದರೆಯಿಲ್ಲ. ಹೊಳೆನರಸೀಪುರದ ಕಡೆಯ ಹಿರಿಯರೊಬ್ಬರು ಕೈ ಚಾಚಿದರು. ‘ಏನಾದ್ರೂ ತಿಂದಿದ್ದೀರಾ?’ ‘ಏನೂ ತಿಂದಿಲ್ಲಮ್ಮ, ಕಾಫಿ ಕುಡ್ದು ಬಂದೆ ಅಷ್ಟೆ.’ ಹಾಲು-ಸಕ್ಕರೆ ಬಿದ್ದ ಕಾಫಿ ಆ ರಿಪೋರ್ಟನ್ನು ಕೆಡಿಸಿಬಿಡುತ್ತದೆ. ಕಾಫಿಯ ಈ ಸೀಮೆಯಲ್ಲಿ ‘ಖಾಲಿ ಹೊಟ್ಟೆ’ ಎಂದಷ್ಟೇ ಹೇಳಿದರೆ ಸಾಲದು. ಶುಗರ್ ಮಾತ್ರೆಯದ್ದೂ ಇದೇ ಕಥೆ: ನುಂಗಿ ಬರಬೇಕೋ, ಜೊತೆಗೆ ತರಬೇಕೋ, ಚೀಟಿಯಲ್ಲಿಲ್ಲ. ಮಾತ್ರೆ ನುಂಗಿ, ತಿಂಡಿ ಬಿಟ್ಟು ಬಸ್ಸು ಹತ್ತಿದವರಿಗೆ ದಾರಿಯಲ್ಲೇ ಶುಗರ್ ಇಳಿದು ಬೆವರು, ನಡುಕ ಬರಬಹುದು.

ಕಾರಿಡಾರಿನ ಕೊನೆಯಲ್ಲಿ ನೆನಪಿನ ಎಸ್‌ಎಂಎಸ್ ಕಳಿಸುವ ಕಂಪ್ಯೂಟರ್. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡ ಲಿಪಿಯಲ್ಲಿ 70 ಮಾತ್ರ, ಅದರಲ್ಲೂ ಕೊಂಬು, ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಲೆಕ್ಕ. ಡಾಕ್ಟರನ್ನು ಕಾಣುವ ಮೊದಲು ರಕ್ತ ಕೊಡುವ ಹೊತ್ತಿಗೆಂದು ನಾನೇ ಒಂದನ್ನು ಬರೆದು ನೋಡಿದೆ: ‘ಬುಧವಾರ ಮಾರ್ಚ್ 12. ಬೆಳಿಗ್ಗೆ 8 ಗಂಟೆ. ಶುಗರ್ ಟೆಸ್ಟ್. ಕಾಫಿ, ತಿಂಡಿ ಬೇಡ.’ ಖಾಲಿ ಜಾಗವೂ ಸೇರಿ 65. ನೀರು ಕುಡಿಯಬಹುದು, ಮಾತ್ರೆ ಜೊತೆಗೆ ತನ್ನಿ ಎನ್ನಲು ಎರಡನೆಯ ಎಸ್‌ಎಂಎಸ್‌ನ ಖರ್ಚು ಬೀಳುತ್ತದೆ. ಅದು ದಂಡವಲ್ಲ. ಮಾತ್ರೆಯ ಮಾತನ್ನು ಮಾತ್ರ ಡಾಕ್ಟರೇ ತೀರ್ಮಾನಿಸಬೇಕು.

ಟೆಸ್ಟ್, ಶುಗರ್, ಮಾರ್ಚ್ ಇವೆಲ್ಲ ಇಂಗ್ಲಿಷೇ, ಆದರೆ ಇಲ್ಲಿಯ ಹಿರಿಯರ ಬಾಯಲ್ಲಿ ದಿನವೂ ಆಡುವಂಥವು. ‘ಶುಗರ್ ಟೆಸ್ಟ್’ ಜಾಗದಲ್ಲಿ ‘ಮಧುಮೇಹ ತಪಾಸಣೆ’ ಹಾಕಿದರೆ ಅಕ್ಷರ ಹೆಚ್ಚುತ್ತದೆ, ಅರ್ಥ ಹೆಚ್ಚುವುದಿಲ್ಲ. ‘ನಾಳೆ ಬನ್ನಿ’ ಎಂದು ಬರೆಯುವುದಂತೂ ಬೇಡ. ಎಸ್‌ಎಂಎಸ್ ಓದಿ ಹೇಳುವ ಮೊಮ್ಮಗ ಮರುದಿನ ಬಂದರೆ ಆ ‘ನಾಳೆ’ ಒಂದು ದಿನ ಮುಂದೆ ಹೋಗಿರುತ್ತದೆ. ಕನ್ನಡ ಅಕ್ಷರ ಮೂಡದೆ ಬರೀ ಚೌಕ ಕಾಣಿಸುವ ಹಳೆಯ ಕೀಪ್ಯಾಡ್ ಫೋನಿಗೆ ಎಸ್‌ಎಂಎಸ್ ಬಿಟ್ಟು ಕರೆ ಮಾಡುವುದೇ ಸರಿ.

ನಿಮ್ಮ ಮನೆಯ ಹಿರಿಯರ ಚೀಟಿಯಲ್ಲಿ ಬರೀ ಅಂಕಿಗಳಿದ್ದರೆ, ಕೌಂಟರ್ ಬಿಡುವ ಮೊದಲೇ ವಾರ, ತಿಂಗಳ ಹೆಸರು ಮತ್ತು ‘ಗಂಟೆ’ ಎಂಬ ಮಾತನ್ನು ಬರೆಸಿಕೊಳ್ಳಿ.