ಪೆಗ್ ಹಾಕಿದ ಕೂಡ್ಲೇ ಸಿಗರೇಟ್ ಯಾಕ?

ಸಿಗರೇಟ್ ಬಿಟ್ಟು ಎರಡು ವಾರ ಆಗೇದ. ಶನಿವಾರ ಸಂಜಿ ಗೆಳ್ಯಾರ ಜೋಡಿ ಒಂದು ಪೆಗ್ ಹಾಕಿದ ಕೂಡ್ಲೇ ಕೈ ಜೇಬು ತಡಕಾಡ್ತದ. ಯಾಕ?

ಮದ್ಯ, ನಿಕೋಟಿನ್ ಎರಡೂ ಮಿದುಳಿನಾಗ ಡೋಪಮಿನ್ ಹೆಚ್ಚಿಸ್ತಾವ. ವರ್ಷಗಟ್ಟಲೆ ಎರಡನ್ನೂ ಕೂಡೇ ಕಂಡ ಮಿದುಳು, ಒಂದು ಬಂದ್ರ ಇನ್ನೊಂದನ್ನ ಕೇಳ್ತದ. ಅದರ ಮ್ಯಾಲೆ, ‘ಬ್ಯಾಡ’ ಅನ್ನೋ ಹಿಡಿತವನ್ನೇ ಮದ್ಯ ಸಡಿಲ ಮಾಡ್ತದ. ಎರಡನೇ ಪೆಗ್ಗಿಗೆ ‘ಒಂದ ದಮ್ ಅಷ್ಟ’ ಅನಸ್ತದ.

ಮೊದಲ ಕೆಲವು ವಾರ ಬಾರ್ ಬಿಟ್ಟು ದುರ್ಗದಬೈಲಿನಾಗ ಭೇಟಿ ಆಗ್ರಿ. ಗಿರ್ಮಿಟ್, ಮಿರ್ಚಿ ಭಜಿ ತಿನ್ನುವಾಗ ಕೈ, ಬಾಯಿ ಎರಡಕ್ಕೂ ಕೆಲಸ ಇರ್ತದ. ಪಾನ್ ಅಂಗಡಿ ಮುಂದ ಮಾತ್ರ ನಿಲ್ಲಬ್ಯಾಡ್ರಿ. ಆಸೆ ಎದ್ದರ ಐದು ನಿಮಿಷ ಅಡ್ಡಾಡ್ರಿ, ಬಹಳ ಸಲ ಅಷ್ಟರಾಗ ಇಳೀತದ.

ದಿನಾ ಕುಡಿಯೋರು, ಕುಡೀದಿದ್ರ ಕೈ ನಡುಗೋರು, ಕುಡಿಯೋದನ್ನ ಒಮ್ಮೆಲೇ ನಿಲ್ಲಸಬ್ಯಾಡ್ರಿ. ಮೊದಲು ಡಾಕ್ಟರನ್ನ ಕಾಣ್ರಿ. ತಂಬಾಕು ಬಿಡಲಿಕ್ಕೆ ಸರಕಾರದ ಉಚಿತ ಸಹಾಯವಾಣಿ: 1800-112-356.