ಮಳೆ ಬಂದರೆ ಜಗಲಿ, ಬಿಟ್ಟರೆ ಮೈದಾನ

ಕರ್ನಾಟಕದಲ್ಲಿ ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಬಯಲುಸೀಮೆಯಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ತೀರ್ಥಹಳ್ಳಿ, ಹೊಸನಗರದಂಥ ಊರುಗಳಲ್ಲಿ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟದ ಬಯಲು ಬಹುಪಾಲು ನೀರಿನದೇ. ಆದರೆ ವಲಯ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಬರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಓಡಲು ನೆಲವೇ ಇಲ್ಲದ ತಿಂಗಳುಗಳಲ್ಲಿ ಮಕ್ಕಳನ್ನು ಓಟಕ್ಕೆ ಸಿದ್ಧಗೊಳಿಸಬೇಕು. ಇಲ್ಲಿನ ದೈಹಿಕ ಶಿಕ್ಷಣ ಶಿಕ್ಷಕರ ವಾರ್ಷಿಕ ಪಾಠ ಹಂಚಿಕೆಯಲ್ಲಿ ಕಾಣುವ ಕುಶಲತೆ ಈ ಇಕ್ಕಟ್ಟಿನಿಂದಲೇ ಬಂದದ್ದು.

ಕೆಲಸ ಆರಂಭವಾಗುವುದು ಹಳೆಯ ಡೈರಿಯಿಂದ. ಒಂದು ತರಗತಿಗೆ ವಾರಕ್ಕೆ ಮೂರು ಪೀರಿಯಡ್ ಎಂದಿಟ್ಟುಕೊಳ್ಳೋಣ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗಿನ 17 ವಾರಗಳಲ್ಲಿ 51 ಪೀರಿಯಡ್ ಆಗುತ್ತವೆ. ಹಬ್ಬಗಳಿಗೆ, ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಗೆ ಆರು ಕಳೆದರೆ ಉಳಿಯುವುದು 45. ಹಿಂದಿನ ವರ್ಷಗಳಲ್ಲಿ ಮೂರರಲ್ಲಿ ಒಂದು ದಿನ ಮೈದಾನ ಸಿಕ್ಕಿದ್ದರೆ, ಈ ವರ್ಷಕ್ಕೂ 15 ಮೈದಾನದ ಪಾಠ, 30 ಜಗಲಿಯ ಪಾಠ ಎಂದು ಅಂದಾಜು ಮಾಡಬಹುದು.

ಆ 15 ದಿನಗಳು ಯಾವುವು ಎಂದು ಯಾರೂ ಹೇಳಲಾರರು. ಆದ್ದರಿಂದ ಅನುಭವಿ ಶಿಕ್ಷಕರು ಪಾಠಗಳಿಗೆ ದಿನಾಂಕ ಹಾಕುವುದಿಲ್ಲ, ಕ್ರಮಸಂಖ್ಯೆ ಹಾಕುತ್ತಾರೆ. ಮೈದಾನದ್ದು ಒಂದು ಸಾಲು, ಜಗಲಿಯದು ಇನ್ನೊಂದು ಸಾಲು. ಮಳೆ ಬಿಟ್ಟ ದಿನ ಮೊದಲ ಸಾಲಿನ ಮುಂದಿನ ಪಾಠ, ಸುರಿವ ದಿನ ಎರಡನೆಯದರ ಮುಂದಿನ ಪಾಠ. ಹೀಗಾಗಿ ಯಾವ ಪಾಠವೂ ತಪ್ಪಿಹೋಗುವುದಿಲ್ಲ, ಸರದಿಗೆ ಕಾಯುತ್ತದೆ ಅಷ್ಟೆ. ಜೂನ್‌ಗೆ ಓಟ, ಜುಲೈಗೆ ಖೋ-ಖೋ ಎಂದು ತಿಂಗಳಿಗೊಂದು ಆಟ ಬರೆದಿಟ್ಟ ಯೋಜನೆ ಎರಡನೆಯ ವಾರಕ್ಕೇ ಕೆಡುತ್ತದೆ. ಆಮೇಲೆ ಮಕ್ಕಳ ಪಾಲಿಗೆ ಉಳಿಯುವುದು ದಿನವೂ ಕೇರಂ.

ಎರಡು ಸಾಲುಗಳನ್ನು ಹೆಣೆಯುವುದರಲ್ಲೇ ನಿಜವಾದ ಕೌಶಲವಿದೆ. ಅದಕ್ಕಾಗಿ ಆಟವನ್ನು ಇಡಿಯಾಗಿ ನೋಡದೆ ಬಿಡಿಸಿ ನೋಡಬೇಕು. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಒಂದೊಂದು ಚೌಕದಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖಮಾಡಿ ಕೂತಿರುತ್ತಾರೆ; ಒಂಬತ್ತನೆಯವರು ಓಡುತ್ತಾರೆ. ಓಡುವವರು ಹಿಂದಿನಿಂದ ಮುಟ್ಟಿ ‘ಖೋ’ ಎಂದ ಮೇಲಷ್ಟೇ ಕೂತವರು ಏಳಬೇಕು. ಮೊದಲೇ ಎದ್ದರೆ ತಪ್ಪು, ನಡುಗೆರೆ ದಾಟಿದರೂ ತಪ್ಪು. ಇದರಲ್ಲಿ ಬೆನ್ನಟ್ಟಿ ಓಡುವುದಕ್ಕೆ, ಕಂಬ ಸುತ್ತುವುದಕ್ಕೆ ಬಯಲೇ ಬೇಕು. ಖೋ ಕೊಡುವುದಕ್ಕೆ, ಕೂತಲ್ಲಿಂದ ಚಿಮ್ಮಿ ಏಳುವುದಕ್ಕೆ, ಎದ್ದ ಮೇಲಿನ ಮೊದಲ ಎರಡು ಹೆಜ್ಜೆಗೆ ಅಷ್ಟು ಜಾಗ ಬೇಡ. ಚೌಕದಿಂದ ಚೌಕಕ್ಕೆ ಎರಡು ಮೀಟರಿಗೆ ತುಸು ಹೆಚ್ಚು ಅಂತರವಿರುವುದರಿಂದ ಹತ್ತು ಮೀಟರಿನ ಜಗಲಿಯಲ್ಲಿ ನಾಲ್ಕು ಚೌಕ ಬರೆಯಬಹುದು. ಉಳಿದ ಮಕ್ಕಳು ಸುಮ್ಮನೆ ನೋಡುತ್ತ ನಿಲ್ಲುವುದಿಲ್ಲ, ಗೋಡೆಗೆ ಒರಗಿ ನಿಂತು ತಪ್ಪು ಹಿಡಿಯುತ್ತಾರೆ. ಇಂಥ ಎರಡು ಜಗಲಿ ಪಾಠ ಆದ ಮೇಲೆ ಮೈದಾನ ಸಿಕ್ಕ ದಿನ ಖೋ ಕೊಡುವುದನ್ನು ಹೇಳಿಕೊಡಬೇಕಿಲ್ಲ. ಸಿಕ್ಕ ಸಮಯವೆಲ್ಲ ಓಟಕ್ಕೆ.

ಕಬಡ್ಡಿಯನ್ನೂ ಹೀಗೇ ಬಿಡಿಸುತ್ತಾರೆ. 30 ಸೆಕೆಂಡ್ ಒಂದೇ ಉಸಿರಿನಲ್ಲಿ ‘ಕಬಡ್ಡಿ’ ಎನ್ನುವುದು, ಕಾಲು ಚಾಚಿ ಹಿಂದೆಳೆದುಕೊಳ್ಳುವುದು ಜಗಲಿಗೆ. ಹಿಡಿತ ಮಾತ್ರ ಗಟ್ಟಿ ನೆಲದ ಮೇಲೆ ಬೇಡವೇ ಬೇಡ. ಪಕ್ಕದ ಕೋಣೆಯಲ್ಲಿ ಗಣಿತ ನಡೆಯುತ್ತಿದ್ದರೆ ಖೋ, ಕಬಡ್ಡಿಯ ಕೂಗೂ ಸಲ್ಲದು. ಅಂಥ ಪೀರಿಯಡ್‌ಗಳಿಗಾಗಿ ಯೋಗಾಸನ, ಆಟದ ನಿಯಮಗಳ ಪಾಠಗಳನ್ನು ಜಗಲಿಯ ಸಾಲಿನಲ್ಲೇ ಬೇರೆ ಗುರುತು ಹಾಕಿ ಇಟ್ಟಿರುತ್ತಾರೆ.

ಮಳೆ ನಿಂತಿತೆಂದು ಕೂಡಲೇ ಬಯಲಿಗೆ ಇಳಿಸುವುದೂ ಇಲ್ಲ. ಮೊದಲು ಹಿಮ್ಮಡಿಯನ್ನು ಬಲವಾಗಿ ಒತ್ತಿ ನೋಡುತ್ತಾರೆ. ಗುರುತಿನಲ್ಲಿ ನೀರು ಜಿನುಗಿದರೆ ಅಂದು ನಡಿಗೆ, ಕವಾಯತು ಮಾತ್ರ. ಜಂಬಿಟ್ಟಿಗೆ ನೆಲ ಬೇಗ ಬಸಿಯುತ್ತದೆ, ಆದರೆ ಪಾಚಿ ಕಟ್ಟಿದ ಕಡೆ ಒಣಗಿದಂತೆ ಕಂಡರೂ ಕಾಲು ಜಾರುತ್ತದೆ. ಉದ್ದ ಜಿಗಿತದ ಗುಂಡಿಯ ಮರಳು ನೀರು ಕುಡಿದು ಗಟ್ಟಿಯಾಗಿರುತ್ತದೆ; ಅದನ್ನು ಬುಡಮಟ್ಟ ಅಗೆದು ಮಗುಚದೆ ಯಾರನ್ನೂ ಜಿಗಿಯಲು ಬಿಡುವಂತಿಲ್ಲ. ಸುಣ್ಣದ ಗೆರೆ ಒಂದೇ ಮಳೆಗೆ ಹೋಗುವುದರಿಂದ ಅಂಕಣದ ಮೂಲೆಗಳಿಗೆ ಗೂಟ ಹೊಡೆದು ಹಗ್ಗ ಎಳೆಯುತ್ತಾರೆ. ಕಾಲಲ್ಲಿ ಗಾಯವಿರುವ ಮಕ್ಕಳನ್ನು ನಿಂತ ನೀರಿಗೆ ಇಳಿಸುವುದಿಲ್ಲ, ಇಲಿ ಜ್ವರದ ಭಯವಿದೆ.

ಮೊದಲ ಎಂಟು ಮೈದಾನದ ಪಾಠಗಳನ್ನು ಕ್ರೀಡಾಕೂಟಕ್ಕೆ ಬೇಕೇಬೇಕಾದವಕ್ಕೆ ಮೀಸಲಿಡುತ್ತಾರೆ: ಓಟದ ಆರಂಭ, ರಿಲೇಯ ಬೇಟನ್ ಬದಲಾವಣೆ, ಖೋ-ಖೋದ ಬೆನ್ನಟ್ಟುವಿಕೆ. ಎಸೆತ, ಎತ್ತರ ಜಿಗಿತದ ಸೂಕ್ಷ್ಮಗಳು ದಸರಾ ರಜೆಯ ನಂತರಕ್ಕೆ. ಆದರೆ ಅಕ್ಟೋಬರಿನ ಮಳೆಯ ಸ್ವಭಾವವೇ ಬೇರೆ. ಬೆಳಗ್ಗೆ ಬಿಸಿಲಿದ್ದು ಮಧ್ಯಾಹ್ನ ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಬಯಲಿನಲ್ಲಿ ನಿಂತ ಮಕ್ಕಳಿಗೆ ಜುಲೈನ ಜಡಿಮಳೆಗಿಂತ ಇದೇ ಅಪಾಯ. ಹಾಗಾಗಿ ಆಟದ ಪೀರಿಯಡ್ ಸಾಮಾನ್ಯವಾಗಿ ದಿನದ ಕೊನೆಗೆ ಇರುವ ಶಾಲೆಗಳಲ್ಲಿ, ಜೂನ್‌ನಲ್ಲಿ ವೇಳಾಪಟ್ಟಿ ಬರೆಯುವಾಗಲೇ ಅಕ್ಟೋಬರ್, ನವೆಂಬರಿಗೆ ಬೆಳಗಿನ ಪೀರಿಯಡ್ ಬದಲಿಸಿಕೊಡುವಂತೆ ಮುಖ್ಯಶಿಕ್ಷಕರನ್ನು ಕೇಳಿಕೊಂಡಿರಬೇಕಾಗುತ್ತದೆ.